ಲೀಟರಿಗೆ ಎರಡೂವರೆ ರೂಪಾಯಿ: ಹಾಲು ಸಂಗ್ರಹಣಾ ಕೇಂದ್ರದ ಬಜೆಟ್ ನಿಲ್ಲುವುದು ಎಲ್ಲಿ?

ದಿನಕ್ಕೆ ಸಾವಿರ ಲೀಟರ್ ಹಾಲು ಬರುವ ಕೇಂದ್ರದ ಪುಸ್ತಕ ತೆರೆದರೆ ತಿಂಗಳಿಗೆ ಹನ್ನೊಂದೂವರೆ ಲಕ್ಷ ರೂಪಾಯಿ ವಹಿವಾಟು ಕಾಣಬಹುದು. ಇಷ್ಟು ದುಡ್ಡು ಓಡಾಡುವ ಸಂಘಕ್ಕೆ ಕಷ್ಟ ಏನು ಅಂತ ಅನಿಸುವುದು ಸಹಜ. ಆದರೆ ಅದರಲ್ಲಿ ಹೆಚ್ಚಿನ ಪಾಲು ಸಂಘದ್ದಲ್ಲ. ಅದು ಸದಸ್ಯರ ಹಾಲಿನ ದುಡ್ಡು. ಒಂದು ಕೈಯಿಂದ ಬಂದು ಇನ್ನೊಂದು ಕೈಗೆ ಹೋಗುತ್ತದೆ. ಸಂಘ ಬದುಕುವುದು ನಡುವೆ ಉಳಿಯುವ ಸಣ್ಣ ಅಂತರದ ಮೇಲೆ. ಸಂಬಳ, ಕರೆಂಟು, ಡೀಸೆಲ್, ರಿಪೇರಿ, ಸಾಲದ ಬಡ್ಡಿ ಎಲ್ಲವೂ ಅದರಿಂದಲೇ ಹುಟ್ಟಬೇಕು.

ಹಾಗಾಗಿ ಬಜೆಟ್ ಬರೆಯುವವರು ಮೊದಲು ಮಾಡಬೇಕಾದ ಕೆಲಸ ಈ ಎರಡು ದುಡ್ಡನ್ನು ಬೇರೆ ಬೇರೆ ಇಡುವುದು. ಪುಸ್ತಕದಲ್ಲೂ ಬೇರೆ, ಬ್ಯಾಂಕಿನಲ್ಲೂ ಬೇರೆ ಖಾತೆ. ಒಂದೇ ಖಾತೆಯಲ್ಲಿ ಇದ್ದರೆ ಬ್ಯಾಲೆನ್ಸು ಯಾವಾಗಲೂ ಜಾಸ್ತಿ ಕಾಣುತ್ತದೆ. ಆ ಧೈರ್ಯದ ಮೇಲೆ ಮಾಡಿದ ಖರ್ಚು ಸದಸ್ಯರ ಹಾಲಿನ ದುಡ್ಡಿನಿಂದ ಹೋಗಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡೋಣ. ಇಲ್ಲಿನ ದರಗಳು ಲೆಕ್ಕ ಸುಲಭವಾಗಲಿ ಎಂದು ಇಟ್ಟವು. ನಿಮ್ಮ ದರ ಹಾಕಿಕೊಂಡರೂ ಲೆಕ್ಕದ ದಾರಿ ಬದಲಾಗುವುದಿಲ್ಲ.

ಬೆಳಿಗ್ಗೆ 600 ಲೀಟರ್, ಸಂಜೆ 400 ಲೀಟರ್, ಒಟ್ಟು 1,000 ಲೀಟರ್ ಹಸುವಿನ ಹಾಲು. ಸದಸ್ಯರಿಗೆ ಸರಾಸರಿ ಲೀಟರಿಗೆ 36 ರೂಪಾಯಿ. ಹಾಲನ್ನು ಕೊಳ್ಳುವ ಒಕ್ಕೂಟ ಸಂಘಕ್ಕೆ ಕೊಡುವುದು 38 ರೂಪಾಯಿ. ಹಾಲನ್ನು ತಂಪು ಮಾಡಿ ಇಟ್ಟುಕೊಟ್ಟದ್ದಕ್ಕೆ ಇನ್ನೂ 50 ಪೈಸೆ. ಅಂದರೆ ಸಂಘಕ್ಕೆ ಉಳಿಯುವುದು ಲೀಟರಿಗೆ ಎರಡೂವರೆ ರೂಪಾಯಿ. ದಿನಕ್ಕೆ 2,500, ತಿಂಗಳಿಗೆ 75,000. ಇಷ್ಟೇ ಸಂಘದ ನಿಜವಾದ ಆದಾಯ.

ದಿನದ ಬಟವಾಡೆಗೆ ದುಡ್ಡು ಎಲ್ಲಿಂದ?

ಸದಸ್ಯರಿಗೆ ದಿನದಿನವೂ ದುಡ್ಡು ಕೊಡುತ್ತೇವೆ ಎಂದು ತೀರ್ಮಾನಿಸುವುದು ಒಳ್ಳೆಯದೇ. ಒಂದೆರಡು ಹಸು ಇಟ್ಟುಕೊಂಡ ಮನೆಗೆ ಹಿಂಡಿ, ಬೂಸಾ, ಅಂಗಡಿ ಸಾಮಾನು ಎಲ್ಲಕ್ಕೂ ಅದೇ ದುಡ್ಡು. ಆದರೆ ಒಕ್ಕೂಟ ದಿನದಿನ ಕೊಡುವುದಿಲ್ಲ. ಹತ್ತು ದಿನಕ್ಕೊಂದು ಬಿಲ್ಲು, ಬಿಲ್ಲು ಮುಗಿದ ಐದು ದಿನಕ್ಕೆ ದುಡ್ಡು ಎಂದುಕೊಳ್ಳಿ. ಈ ನಡುವಿನ ದಿನಗಳನ್ನು ಸಂಘವೇ ತನ್ನ ಕೈಯಿಂದ ನಡೆಸಬೇಕು.

ಎಷ್ಟು ಬೇಕು? ಸದಸ್ಯರಿಗೆ ದಿನಕ್ಕೆ 36,000 ರೂಪಾಯಿ. ಒಂದನೇ ತಾರೀಕಿನಿಂದ ಕೊಡಲು ಶುರು ಮಾಡಿದರೆ ಮೊದಲ ಬಿಲ್ಲಿನ ದುಡ್ಡು ಬರುವುದು ಹದಿನೈದನೇ ದಿನದ ಕೊನೆಗೆ. ಅಷ್ಟರಲ್ಲಿ ಸಂಘದಿಂದ ಹೊರಗೆ ಹೋಗಿರುವುದು 5,40,000. ಬರುವುದು ಮೊದಲ ಹತ್ತು ದಿನದ ಹಾಲಿನದು ಮಾತ್ರ. ಇನ್ನೂ ಐದು ದಿನದ್ದು ಹೊರಗೇ ಇರುತ್ತದೆ. ಆಮೇಲೆ ಮತ್ತೆ ಅದು ದಿನಕ್ಕೊಂದರಂತೆ ಏರುತ್ತಾ ಹದಿನೈದು ದಿನಕ್ಕೆ ಮುಟ್ಟುತ್ತದೆ, ಮತ್ತೆ ಐದಕ್ಕೆ ಇಳಿಯುತ್ತದೆ. ವರ್ಷವಿಡೀ ಇದೇ ಏರಿಳಿತ. ಸರಾಸರಿ ನೋಡಿದರೆ ಯಾವಾಗಲೂ ಹತ್ತು ದಿನದ ಬಟವಾಡೆ, ಅಂದರೆ 3,60,000 ರೂಪಾಯಿ, ಸಂಘದ ಕೈಬಿಟ್ಟು ಹೊರಗಿರುತ್ತದೆ.

ಬಜೆಟ್ಟಿನಲ್ಲಿ ಈ ಎರಡು ಅಂಕಿಗಳಿಗೂ ಬೇರೆ ಬೇರೆ ಕೆಲಸ ಇದೆ. ಸರಾಸರಿ ಮೊತ್ತದಿಂದ ಬಡ್ಡಿ ಲೆಕ್ಕ ಹಾಕಬೇಕು. ಗರಿಷ್ಠ ಮೊತ್ತದಿಂದ ನಿಧಿ ಎಷ್ಟಿರಬೇಕು ಎಂದು ನಿರ್ಧರಿಸಬೇಕು. ಸರಾಸರಿಯನ್ನೇ ನಂಬಿ ಮೂರೂವರೆ ಲಕ್ಷ ಇಟ್ಟುಕೊಂಡರೆ ಮೊದಲ ಬಿಲ್ಲು ಬರುವ ಮುಂಚೆಯೇ, ಹತ್ತನೇ ದಿನಕ್ಕೆ ಬಟವಾಡೆ ನಿಲ್ಲುತ್ತದೆ.

ಗರಿಷ್ಠವನ್ನೂ ಇನ್ನೂ ಸ್ವಲ್ಪ ಎಳೆದು ನೋಡಬೇಕು. ಹಸಿರು ಮೇವು ಸಿಗುವ ತಿಂಗಳುಗಳಲ್ಲಿ ಹಾಲು ಶೇ. 20 ಜಾಸ್ತಿ ಬಂದರೆ ದಿನದ ಬಟವಾಡೆ 43,200 ಆಗುತ್ತದೆ. ಅದೇ ಹೊತ್ತಿಗೆ ಒಕ್ಕೂಟದ ದುಡ್ಡು ಮೂರು ದಿನ ತಡವಾದರೆ ಹದಿನೆಂಟು ದಿನ ನಡೆಸಬೇಕು. 18 × 43,200 ಅಂದರೆ 7,77,600. ಇವೆರಡೂ ಒಟ್ಟಿಗೇ ಬರುವುದು ಅಪರೂಪವೇನಲ್ಲ. ಹಾಲು ಜಾಸ್ತಿ ಇದ್ದಾಗ ಒಕ್ಕೂಟಕ್ಕೂ ಮಾರಾಟ ಕಷ್ಟ, ಆಗಲೇ ಅದರ ಪಾವತಿಯೂ ಎಳೆಯುತ್ತದೆ. ಹಾಗಾಗಿ ಈ ಕೇಂದ್ರಕ್ಕೆ ಎಂಟು ಲಕ್ಷದ ಹತ್ತಿರ ನಿಧಿ ಅಥವಾ ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ಇಲ್ಲದೆ ದಿನದ ಬಟವಾಡೆ ಶುರು ಮಾಡಬಾರದು ಎನ್ನುವುದು ನನ್ನ ಅಭಿಪ್ರಾಯ. ಶುರು ಮಾಡಿ ನಡುವೆ ನಿಲ್ಲಿಸಿದರೆ ಸದಸ್ಯರು ಮರುದಿನವೇ ಖಾಸಗಿಯವರಿಗೆ ಹಾಲು ಹಾಕುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ.

ಆ ದುಡ್ಡು ಸಾಲದ್ದಾದರೆ ಬಡ್ಡಿ ಉಂಟು. ಸರಾಸರಿ 3,60,000ಕ್ಕೆ ವರ್ಷಕ್ಕೆ ಶೇ. 10 ಅಂದರೆ 36,000, ತಿಂಗಳಿಗೆ 3,000. ಲೀಟರಿಗೆ ಹತ್ತು ಪೈಸೆ. ಕೇಳಲು ಸಣ್ಣದು. ಮುಂದೆ ಉಳಿತಾಯದ ಅಂಕಿ ನೋಡಿದಾಗ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಹೊರೆ ಇಳಿಸಲು ಒಂದು ದಾರಿ ಇದೆ. ದಿನದಿನವೂ ಹಾಲಿನ ಬೆಲೆಯ ಶೇ. 90 ಕೊಟ್ಟು, ಉಳಿದ ಶೇ. 10ನ್ನು ಹತ್ತು ದಿನಕ್ಕೊಮ್ಮೆ ಒಕ್ಕೂಟದ ಬಿಲ್ಲು ಬಂದಾಗ ಚುಕ್ತಾ ಮಾಡುವುದು. ಇದರಿಂದ ಹದಿನೈದನೇ ದಿನದ ಹೊರೆ 54,000ದಷ್ಟು ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಉಪಯೋಗ ಇನ್ನೊಂದು. ಪಶು ಆಹಾರದ ಬಾಕಿ, ಮುಂಗಡ, ಪರೀಕ್ಷೆಯಲ್ಲಿ ಆದ ತಪ್ಪಿನ ತಿದ್ದುಪಡಿ, ಇವನ್ನೆಲ್ಲ ಆ ಬಾಕಿಯಲ್ಲಿ ಹೊಂದಿಸಬಹುದು. ಪೂರ್ತಿ ದುಡ್ಡು ಕೊಟ್ಟಾದ ಮೇಲೆ ಹಿಂದಕ್ಕೆ ಕೇಳುವುದು ಯಾರಿಗೂ ಇಷ್ಟವಿಲ್ಲದ ಕೆಲಸ, ಅಲ್ವಾ? ಆದರೆ ಇದನ್ನು ಮೊದಲೇ ಸಭೆಯಲ್ಲಿ ಒಪ್ಪಿಸಿ, ಪ್ರತಿ ಸದಸ್ಯರ ಪಾಸ್ ಪುಸ್ತಕದಲ್ಲಿ ಬಾಕಿ ಎಷ್ಟಿದೆ ಎಂದು ದಿನವೂ ಬರೆಯಬೇಕು. ಇಲ್ಲದಿದ್ದರೆ ಸಂಘ ಶೇ. 10 ಹಿಡಿದುಕೊಂಡಿತು ಎಂದೇ ಊರಲ್ಲಿ ಮಾತಾಗುತ್ತದೆ.

ತಂಪು ಮಾಡುವ ಖರ್ಚು

ಹಾಲು ಕೆಚ್ಚಲಿನಿಂದ ಬರುವಾಗ ಬೆಚ್ಚಗಿರುತ್ತದೆ. ಕೇಂದ್ರಕ್ಕೆ ತಲುಪುವಾಗ ಸುಮಾರು 35 ಡಿಗ್ರಿ ಎಂದುಕೊಳ್ಳಿ. ಅದನ್ನು 4 ಡಿಗ್ರಿಗೆ ಇಳಿಸಿ ಟ್ಯಾಂಕರ್ ಬರುವವರೆಗೆ ಹಾಗೇ ಹಿಡಿದಿಡುವುದು ಬಲ್ಕ್ ಕೂಲರಿನ ಕೆಲಸ. ಇದಕ್ಕೆ ಎಷ್ಟು ಕರೆಂಟು ಬೇಕು ಎನ್ನುವುದನ್ನು ಬಿಲ್ಲು ಬರುವ ಮುಂಚೆಯೇ ಲೆಕ್ಕ ಹಾಕಬಹುದು.

ಒಂದು ಕೆಜಿ ಹಾಲನ್ನು ಒಂದು ಡಿಗ್ರಿ ಇಳಿಸಲು ಸುಮಾರು 3.9 ಕಿಲೋಜೂಲ್ ಶಾಖ ತೆಗೆಯಬೇಕು. ಸಾವಿರ ಲೀಟರ್ ಅಂದರೆ 1,030 ಕೆಜಿ. 31 ಡಿಗ್ರಿ ಇಳಿಸಬೇಕು. ಗುಣಿಸಿ ಯೂನಿಟ್ಟಿಗೆ ತಂದರೆ ಸುಮಾರು 35 ಯೂನಿಟ್ಟಿನಷ್ಟು ಶಾಖ. ಕಂಪ್ರೆಸರ್ ಒಂದು ಯೂನಿಟ್ ಕರೆಂಟಿಗೆ ಎರಡೂವರೆ ಯೂನಿಟ್ಟಿನಷ್ಟು ಶಾಖವನ್ನು ಹೊರಗೆ ಹಾಕಿದರೆ 14 ಯೂನಿಟ್ ಸಾಕು. ಹಾಲು ಕಲಕುವ ಮೋಟಾರು, ಮಧ್ಯಾಹ್ನದ ಬಿಸಿಲಿಗೆ ಟ್ಯಾಂಕ್ ಮತ್ತೆ ಮತ್ತೆ ಓಡುವುದು ಸೇರಿದರೆ 18 ಎಂದು ಇಡುವುದು ಸರಿ. ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ, ಕಂಪ್ಯೂಟರ್, ನೀರಿನ ಪಂಪು, ತೊಳೆಯಲು ಬಿಸಿನೀರು, ಇವಕ್ಕೆ ಇನ್ನೊಂದು ಏಳು. ದಿನಕ್ಕೆ 25 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ 200. ತಿಂಗಳಿಗೆ 6,000, ಜೊತೆಗೆ ನಿಗದಿತ ಶುಲ್ಕ 1,500.

ಕರೆಂಟು ಹೋದಾಗ ನಡೆಯುವ ಲೆಕ್ಕವೇ ಬೇರೆ. ಈ ಗಾತ್ರದ ಕೂಲರ್ ನಡೆಸುವಾಗ ಜನರೇಟರ್ ಗಂಟೆಗೆ ಎರಡು ಲೀಟರ್ ಡೀಸೆಲ್ ಕುಡಿಯುತ್ತದೆ ಎಂದುಕೊಳ್ಳಿ. 90 ರೂಪಾಯಿಯಂತೆ 180. ಆ ಒಂದು ಗಂಟೆಯಲ್ಲಿ ಸಿಗುವುದು ನಾಲ್ಕು ಯೂನಿಟ್. ಅಂದರೆ ಯೂನಿಟ್ಟಿಗೆ 45 ರೂಪಾಯಿ. ಒಂದು ಗಂಟೆ ಜನರೇಟರ್ ಓಡಿಸಿದರೆ ಹತ್ತಿರ ಹತ್ತಿರ ಇಡೀ ದಿನದ ಕರೆಂಟಿನಷ್ಟು ಖರ್ಚು ಆಗುತ್ತದೆ. ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ತಿಂಗಳಿಗೆ 5,400. ಹಾಗಾಗಿ ಡೀಸೆಲ್ಲನ್ನು ಕರೆಂಟಿನ ತಲೆಬರಹದಡಿ ಸೇರಿಸಿ ಬರೆಯಬಾರದು. ಬೇರೆಯೇ ಸಾಲು, ಜೊತೆಗೆ ಜನರೇಟರ್ ಓಡಿದ ಗಂಟೆಗಳ ಪುಸ್ತಕ. ಗಂಟೆಗೂ ಲೀಟರಿಗೂ ತಾಳೆಯಾಗದಿದ್ದರೆ ಡೀಸೆಲ್ ಬೇರೆಲ್ಲೋ ಹೋಗುತ್ತಿದೆ, ಇಲ್ಲವೇ ಇಂಜಿನ್ನಿಗೆ ಕೆಲಸ ಮಾಡಿಸುವ ಕಾಲ ಬಂದಿದೆ.

ಕೂಲರಿನ ಗಾತ್ರದ ಬಗ್ಗೆ ಒಂದು ಮಾತು. ದಿನಕ್ಕೆ ಸಾವಿರ ಲೀಟರ್ ಬರುತ್ತದೆ ಎಂದು ಸಾವಿರ ಲೀಟರಿನ ಟ್ಯಾಂಕ್ ತರುವವರಿದ್ದಾರೆ. ಎರಡು ಹೊತ್ತಿನ ಹಾಲಿಗೆಂದು ಮಾಡಿದ ಟ್ಯಾಂಕಿನ ಕಂಪ್ರೆಸರ್ ಅಳತೆ ಇರುವುದು ಒಂದು ಸಲಕ್ಕೆ ಅರ್ಧ ಟ್ಯಾಂಕ್ ಹಾಲನ್ನು ತಂಪು ಮಾಡುವಷ್ಟು. ಅದೂ ಸುಮಾರು ಮೂರು ಗಂಟೆಯೊಳಗೆ. ಬೆಳಿಗ್ಗೆಯೇ 600 ಲೀಟರ್ ಬಿದ್ದರೆ ಸಾವಿರದ ಟ್ಯಾಂಕ್ ಆ ಹೊತ್ತಿಗೆ ಮುಟ್ಟುವುದಿಲ್ಲ. ಹಾಲು ಏರುವ ತಿಂಗಳಲ್ಲಿ ಜಾಗವೂ ಸಾಲದು. ನಮ್ಮ ಉದಾಹರಣೆಗೆ 1,500 ಲೀಟರಿನದು ಸರಿ.

ಅದನ್ನು ಯಾವಾಗ ಚಾಲೂ ಮಾಡುತ್ತಾರೆ ಎನ್ನುವುದೂ ದುಡ್ಡಿನ ವಿಷಯವೇ. ಹಾಲು ಹಾಕಿಸಿಕೊಳ್ಳುವುದು ಪೂರ್ತಿ ಮುಗಿಯಲಿ ಎಂದು ಕಾಯುವ ಅಭ್ಯಾಸ ಕೆಲವೆಡೆ ಇದೆ. ಸಂಜೆ ಹಾಗೆ ಮಾಡಿದರೆ ಟ್ಯಾಂಕಿನಲ್ಲಿ 4 ಡಿಗ್ರಿಯಲ್ಲಿ ಇದ್ದ 600 ಲೀಟರಿಗೆ 35 ಡಿಗ್ರಿಯ 400 ಲೀಟರ್ ಸೇರಿ ಎಲ್ಲವೂ 16 ಡಿಗ್ರಿಗೆ ಏರುತ್ತದೆ. ಬೆಳಗಿನ ಒಳ್ಳೆಯ ಹಾಲಿನಲ್ಲೂ ಸೂಕ್ಷ್ಮಾಣುಗಳು ಮತ್ತೆ ಬೆಳೆಯಲು ಶುರುವಾಗುತ್ತವೆ. ಸಂಜೆ ಮೊದಲ ಕ್ಯಾನು ಬೀಳುವಾಗಲೇ ಕಂಪ್ರೆಸರ್ ಓಡುತ್ತಿರಬೇಕು. ಬೆಳಿಗ್ಗೆ ಟ್ಯಾಂಕ್ ಖಾಲಿ ಇದ್ದಾಗ ಮಾತ್ರ ಹಾಲು ಕಲಕುವ ರೆಕ್ಕೆಗೆ ಮುಟ್ಟುವವರೆಗೆ ಕಾಯಬೇಕು. ಅದಕ್ಕೂ ಮುಂಚೆ ಚಾಲೂ ಮಾಡಿದರೆ ತಳದ ತೆಳುವಾದ ಹಾಲು ಹೆಪ್ಪುಗಟ್ಟಿ ಮಂಜಾಗುತ್ತದೆ.

ಕೂಲರ್ ಸೋಲುತ್ತಿದೆ ಎಂದು ಮುಂಚೆಯೇ ತಿಳಿಯಲು ದುಬಾರಿ ಉಪಕರಣ ಬೇಡ. ಹಾಲು ಹಾಕುವುದು ಮುಗಿದ ಹೊತ್ತು, ಮುಳ್ಳು 4 ಡಿಗ್ರಿಗೆ ಬಂದ ಹೊತ್ತು, ಮೀಟರಿನ ಯೂನಿಟ್, ಈ ಮೂರನ್ನು ದಿನವೂ ಬರೆದರೆ ಸಾಕು. ಎರಡು ಗಂಟೆ ತೆಗೆದುಕೊಳ್ಳುತ್ತಿದ್ದದ್ದು ಮೂರೂವರೆಗೆ ಹೋದರೆ, ಯೂನಿಟ್ 18ರಿಂದ 25ಕ್ಕೆ ಏರಿದರೆ, ಮೊದಲು ಹಿಂಬದಿಯ ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು ಮೆತ್ತಿದೆಯಾ ನೋಡಿ. ಬಹಳ ಸಲ ಅದೇ ಕಾರಣ. ಬ್ರಷ್ಷಿನಿಂದ ಉಜ್ಜಿ ತೆಗೆದರೂ ಸರಿಯಾಗದಿದ್ದರೆ ಗ್ಯಾಸು ಸೋರುತ್ತಿರಬಹುದು.

ಈ ಪುಸ್ತಕಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಒಂದು ದಿನ ಟ್ಯಾಂಕಿನ ಹಾಲು ಪೂರ್ತಿ ಒಡೆದು ಹೋದರೆ ಸದಸ್ಯರಿಗೆ ಕೊಟ್ಟ 36,000 ರೂಪಾಯಿ ಹೋಯಿತು. ಮುಂದಿನ ಲೆಕ್ಕ ನೋಡಿದರೆ ಅದು ಸಂಘದ ಇಡೀ ವರ್ಷದ ಉಳಿತಾಯಕ್ಕಿಂತ ಜಾಸ್ತಿ.

ಸಿಬ್ಬಂದಿ

ಖರ್ಚಿನಲ್ಲಿ ದೊಡ್ಡ ಪಾಲು ಇವರದೇ. ಕಾರ್ಯದರ್ಶಿಗೆ 16,000, ಹಾಲು ಪರೀಕ್ಷಕರಿಗೆ 12,000, ತೊಳೆಯುವ ಮತ್ತು ಸುರಿಯುವ ಸಹಾಯಕರಿಗೆ 9,000 ಎಂದು ಇಟ್ಟರೆ ತಿಂಗಳಿಗೆ 37,000. ಆದರೆ ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಹಸುವಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಕೇಂದ್ರ ವರ್ಷದ 365 ದಿನವೂ ಎರಡು ಹೊತ್ತು ತೆರೆಯಬೇಕು. ಯಾರೋ ಒಬ್ಬರಿಗೆ ಜ್ವರ ಬಂದರೆ ಬದಲಿಯವರಿಗೆ ದುಡ್ಡು ಕೊಡಬೇಕು. ಬೋನಸ್ಸೂ ಇದೆ. ಇವೆಲ್ಲಕ್ಕೆ ವರ್ಷಕ್ಕೆ ಇನ್ನೊಂದೂವರೆ ತಿಂಗಳ ಸಂಬಳದಷ್ಟು ತೆಗೆದಿಟ್ಟರೆ ತಿಂಗಳಿಗೆ 4,625 ಸೇರುತ್ತದೆ. ಒಟ್ಟು 41,625.

ಲೀಟರಿಗೆ ಹಂಚಿದರೆ ಸುಮಾರು 1.39 ರೂಪಾಯಿ. ಎರಡೂವರೆಯಲ್ಲಿ ಅರ್ಧಕ್ಕಿಂತ ಜಾಸ್ತಿ. ಖರ್ಚು ಇಳಿಸಬೇಕು ಅಂತ ಬಂದಾಗ ಎಲ್ಲರ ಕಣ್ಣೂ ಇಲ್ಲಿಗೇ ಬೀಳುತ್ತದೆ. ಕಾರ್ಯದರ್ಶಿಯೇ ಪರೀಕ್ಷೆಯನ್ನೂ ಮಾಡಲಿ, ಒಬ್ಬರ ಸಂಬಳ ಉಳಿಯುತ್ತದೆ ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಾಲಿನ ಫ್ಯಾಟ್ ಅಳೆಯುವವರೂ, ಅದಕ್ಕೆ ದುಡ್ಡು ಕಟ್ಟುವವರೂ ಒಬ್ಬರೇ ಆದರೆ ತಪ್ಪು ಹಿಡಿಯಲು ಇನ್ನೊಂದು ಕಣ್ಣು ಇರುವುದಿಲ್ಲ. ಅವರು ಎಷ್ಟೇ ಪ್ರಾಮಾಣಿಕರಾದರೂ ಬೆಳಗಿನ ಗಡಿಬಿಡಿಯಲ್ಲಿ ಅಂಕಿ ತಪ್ಪುತ್ತದೆ. ಆ ತಪ್ಪಿನ ಬೆಲೆ ಒಂದು ಸಂಬಳಕ್ಕಿಂತ ದೊಡ್ಡದಾಗಬಹುದು. ಹೇಗೆ ಅಂತ ನೋಡೋಣ.

ಕಾಣದ ಸೋರಿಕೆ

ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ತೂಕದ ಯಂತ್ರ ಕೆಜಿ ತೋರಿಸುತ್ತದೆ, ಸದಸ್ಯರ ದರ ಲೀಟರಿಗೆ ಇರುತ್ತದೆ. ಯಂತ್ರದಲ್ಲಾಗಲಿ ತಂತ್ರಾಂಶದಲ್ಲಾಗಲಿ ಈ 1.03ರ ಭಾಗಾಕಾರ ತಪ್ಪಿಹೋದರೆ 1,030 ಕೆಜಿಯನ್ನು 1,030 ಲೀಟರ್ ಎಂದು ಬರೆದಂತಾಗುತ್ತದೆ. ಸಂಘ ಇಲ್ಲದ 30 ಲೀಟರಿಗೆ ದುಡ್ಡು ಕೊಡುತ್ತದೆ. ದಿನಕ್ಕೆ 1,080, ತಿಂಗಳಿಗೆ 32,400. ಸಂಘದ ಆದಾಯದ ಹತ್ತಿರ ಹತ್ತಿರ ಅರ್ಧ. ಇದೇ ತಪ್ಪು ಉಲ್ಟಾ ಆಗಿ ಎರಡು ಸಲ ಭಾಗಿಸಿದರೆ ಅಷ್ಟೇ ದುಡ್ಡು ಸದಸ್ಯರಿಗೆ ಮೋಸವಾಗುತ್ತದೆ. ಅದು ಇನ್ನೂ ಕೆಟ್ಟದ್ದು.

ಇಷ್ಟು ದೊಡ್ಡ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಸಿಗದೆ ವರ್ಷಗಟ್ಟಲೆ ಉಳಿಯುವುದು ಫ್ಯಾಟಿನ ಸಣ್ಣ ವ್ಯತ್ಯಾಸ. ಸದಸ್ಯರ ಹಾಲಿಗೆ ಸರಾಸರಿ 4.0 ಫ್ಯಾಟ್ ಎಂದು ದುಡ್ಡು ಕೊಟ್ಟಿದ್ದೀರಿ. ಟ್ಯಾಂಕರಿನಲ್ಲಿ 3.9 ಬಂತು. 0.1 ಫ್ಯಾಟಿಗೆ ಲೀಟರಿಗೆ 30 ಪೈಸೆ ದರ ವ್ಯತ್ಯಾಸವಿದ್ದರೆ ದಿನಕ್ಕೆ 300, ತಿಂಗಳಿಗೆ 9,000 ಹೋಯಿತು.

ಇದನ್ನು ಹಿಡಿಯಲು ಕೆಲವರು ಎಲ್ಲ ಸದಸ್ಯರ ಫ್ಯಾಟ್ ಕೂಡಿಸಿ ಸದಸ್ಯರ ಸಂಖ್ಯೆಯಿಂದ ಭಾಗಿಸುತ್ತಾರೆ. ಅದು ತಪ್ಪು ದಾರಿ. ಒಬ್ಬರು 3.5 ಫ್ಯಾಟಿನ 20 ಲೀಟರ್, ಇನ್ನೊಬ್ಬರು 5.0 ಫ್ಯಾಟಿನ 2 ಲೀಟರ್ ಹಾಕಿದರೆ ಸುಮ್ನೆ ಸರಾಸರಿ 4.25 ಬರುತ್ತದೆ. ಟ್ಯಾಂಕಿನಲ್ಲಿ ನಿಜವಾಗಿ ಇರುವುದು 3.64. ಲೆಕ್ಕ ಮಾಡಬೇಕಾದದ್ದು ಫ್ಯಾಟಿನ ಕೆಜಿಯಲ್ಲಿ. ಪ್ರತಿಯೊಬ್ಬರ ಹಾಲಿನ ಕೆಜಿಯನ್ನು ಅವರ ಫ್ಯಾಟಿನ ಶೇಕಡಾದಿಂದ ಗುಣಿಸಿ ಕೂಡಿಸಿ. ನಮ್ಮ ಉದಾಹರಣೆಯಲ್ಲಿ 1,030 ಕೆಜಿಗೆ 4.0 ಅಂದರೆ 41.2 ಕೆಜಿ ಫ್ಯಾಟ್ ಒಳಗೆ ಬಂದಿದೆ. ಟ್ಯಾಂಕರಿಗೆ ಹೋದದ್ದು 3.9ರಂತೆ 40.2 ಕೆಜಿ. ಒಂದು ಕೆಜಿ ಎಲ್ಲಿ ಹೋಯಿತು ಎಂದು ಆ ದಿನವೇ ಕೇಳಬಹುದು.

ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು. ಪರೀಕ್ಷಾ ಯಂತ್ರ ಸರಿಯಾಗಿ ತೊಳೆಯದೆ, ಹೊಂದಿಸದೆ ಅಂಕಿ ಜಾಸ್ತಿ ತೋರಿಸುತ್ತಿದೆ. ಅಥವಾ ಟ್ಯಾಂಕರಿಗೆ ಸ್ಯಾಂಪಲ್ ತೆಗೆಯುವ ಮುಂಚೆ ಟ್ಯಾಂಕ್ ಚೆನ್ನಾಗಿ ಕಲಕಿಲ್ಲ. ನಿಂತ ಹಾಲಿನಲ್ಲಿ ಕೆನೆ ಮೇಲೆ ಏರುತ್ತದೆ, ಕೆಳಗಿನ ಕೊಳವೆಯಿಂದ ತೆಗೆದ ಸ್ಯಾಂಪಲ್ಲಿನಲ್ಲಿ ಫ್ಯಾಟ್ ಕಡಿಮೆ ಬರುತ್ತದೆ. ಅಥವಾ ಕೇಂದ್ರದಲ್ಲೇ ಪ್ರತಿಯೊಬ್ಬರ ಅಂಕಿಯನ್ನು ಒಳ್ಳೆಯ ಮನಸ್ಸಿನಿಂದ ಸ್ವಲ್ಪ ಮೇಲಕ್ಕೆ ಹೊಂದಿಸಿ ಬರೆಯುತ್ತಿದ್ದಾರೆ. ವ್ಯತ್ಯಾಸ ದಿನವೂ ಒಂದೇ ದಿಕ್ಕಿನಲ್ಲಿ, ಒಂದೇ ಅಳತೆಯಲ್ಲಿ ಇದ್ದರೆ ಯಂತ್ರ ಅಥವಾ ಬರೆಯುವ ಅಭ್ಯಾಸ ಕಾರಣ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬಂದರೆ ಸ್ಯಾಂಪಲ್ ತೆಗೆಯುವ ರೀತಿಯನ್ನು ಅನುಮಾನಿಸಿ.

ಎಲ್ಲ ಕೂಡಿಸಿದರೆ

ಈಗ ಒಂದು ತಿಂಗಳ ಲೆಕ್ಕ ಒಟ್ಟಿಗೆ ಇಡೋಣ. ಯಾವ ಸೋರಿಕೆಯೂ ಇಲ್ಲ, ಹಾಲು ದಿನಕ್ಕೆ ಸಾವಿರ ಲೀಟರ್ ಎಂದೇ ಇಟ್ಟುಕೊಂಡು.

| ಬಾಬ್ತು | ತಿಂಗಳಿಗೆ (ರೂ.) |
|---|---|
| ಆದಾಯ: 30,000 ಲೀಟರ್ × 2.50 | 75,000 |
| ಸಿಬ್ಬಂದಿ | 41,625 |
| ಕರೆಂಟು | 7,500 |
| ಡೀಸೆಲ್ | 5,400 |
| ತೊಳೆಯುವ ಪುಡಿ, ಪರೀಕ್ಷೆ ಖರ್ಚು | 4,000 |
| ರಿಪೇರಿ | 2,500 |
| ಕಾಗದಪತ್ರ, ಫೋನು, ಆಡಿಟ್ | 2,500 |
| ಯಂತ್ರಗಳ ಸವಕಳಿ | 6,250 |
| ಬಟವಾಡೆ ಸಾಲದ ಬಡ್ಡಿ | 3,000 |
| ಉಳಿಯುವುದು | 2,225 |

ಸವಕಳಿ ಎಂದರೆ ಕೂಲರ್, ಜನರೇಟರ್, ಯಂತ್ರಗಳಿಗೆ ಒಟ್ಟು ಒಂಬತ್ತು ಲಕ್ಷ ಹಾಕಿದ್ದು, ಹನ್ನೆರಡು ವರ್ಷ ಬಾಳುತ್ತವೆ ಎಂದು ಹಂಚಿದ್ದು. ಇದು ಆ ತಿಂಗಳು ಯಾರಿಗೂ ಕೊಡುವ ದುಡ್ಡಲ್ಲ. ಹಾಗಾಗಿ ಬಹಳ ಸಂಘಗಳು ಇದನ್ನು ಬರೆಯುತ್ತವೆ, ತೆಗೆದಿಡುವುದಿಲ್ಲ. ಖಾತೆಯಲ್ಲಿ ಎಂಟು ಸಾವಿರ ಉಳಿದಂತೆ ಕಾಣುತ್ತದೆ. ಕಂಪ್ರೆಸರ್ ಸುಟ್ಟ ದಿನ ಮಾತ್ರ ಆ ದುಡ್ಡು ಯಾರದ್ದು ಎಂದು ಗೊತ್ತಾಗುತ್ತದೆ.

ಇನ್ನೂ ದೊಡ್ಡ ವಿಷಯ ಹಾಲಿನ ಏರಿಳಿತ. ಹಾಲು ಕಡಿಮೆಯಾದರೆ ಬಡ್ಡಿ, ಡೀಸೆಲ್, ಯೂನಿಟ್ಟಿನ ಖರ್ಚು ಇಳಿಯುತ್ತವೆ. ಇವೆಲ್ಲ ಸೇರಿ ಲೀಟರಿಗೆ 48 ಪೈಸೆ. ಉಳಿದ 58,375 ರೂಪಾಯಿ ಹಾಲು ಬಂದರೂ ಬರದಿದ್ದರೂ ಹೆಚ್ಚುಕಡಿಮೆ ಅಷ್ಟೇ. 700 ಲೀಟರಿಗೂ ಮೂವರು ಬರಲೇಬೇಕು, ಟ್ಯಾಂಕನ್ನು ಪೂರ್ತಿ ತೊಳೆಯಲೇಬೇಕು. ಹಾಗಾಗಿ ಎರಡೂವರೆಯಲ್ಲಿ 48 ಪೈಸೆ ಕಳೆದು ಉಳಿಯುವ 2.02 ರೂಪಾಯಿಯಿಂದ 58,375 ಹುಟ್ಟಬೇಕು. ಅದಕ್ಕೆ ದಿನಕ್ಕೆ ಸುಮಾರು 963 ಲೀಟರ್ ಬೇಕು. ಅದರ ಕೆಳಗೆ ಪ್ರತಿ ದಿನವೂ ನಷ್ಟ.

ಬೇಸಿಗೆಯ ನಾಲ್ಕು ತಿಂಗಳು 700 ಲೀಟರ್, ನಾಲ್ಕು ತಿಂಗಳು 1,000, ಮೇವು ಚೆನ್ನಾಗಿರುವ ನಾಲ್ಕು ತಿಂಗಳು 1,200 ಬರುತ್ತದೆ ಎಂದುಕೊಳ್ಳಿ. ಕಡಿಮೆ ಹಾಲಿನ ತಿಂಗಳಲ್ಲಿ ತಲಾ 15,955 ನಷ್ಟ. ಹೆಚ್ಚಿನ ತಿಂಗಳಲ್ಲಿ ತಲಾ 14,345 ಲಾಭ. ಎಲ್ಲ ಕೂಡಿಸಿ ಕಳೆದರೆ ವರ್ಷಕ್ಕೆ ಉಳಿಯುವುದು 2,460 ರೂಪಾಯಿ. ಬರೀ ಸಾವಿರ ಲೀಟರಿನ ತಿಂಗಳನ್ನು ಹನ್ನೆರಡರಿಂದ ಗುಣಿಸಿದ್ದರೆ 26,700 ಎಂದು ಬರುತ್ತಿತ್ತು. ಹಾಗಾಗಿ ವರ್ಷದ ಬಜೆಟ್ಟನ್ನು ತಿಂಗಳು ತಿಂಗಳಾಗಿಯೇ, ಹಿಂದಿನ ವರ್ಷದ ಹಾಲಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆಯಬೇಕು. ಹಾಲು ಹೆಚ್ಚಿದ್ದ ನಾಲ್ಕು ತಿಂಗಳಲ್ಲಿ ಬಂದ 57,000 ರೂಪಾಯಿಯನ್ನು ಆಗಲೇ ಸದಸ್ಯರಿಗೆ ಹೆಚ್ಚಿನ ದರವಾಗಿ ಹಂಚಿಬಿಟ್ಟರೆ ಬೇಸಿಗೆಯ 64,000 ಕೊರತೆ ಬಟವಾಡೆಯ ನಿಧಿಯನ್ನೇ ತಿನ್ನುತ್ತದೆ. ದಿನದ ಪಾವತಿ ನಿಲ್ಲುವುದು ಬಹಳ ಸಲ ಹೀಗೆ, ಒಕ್ಕೂಟ ತಡಮಾಡಿದ್ದರಿಂದಲ್ಲ.

ಬೇಸಿಗೆಯ ಕೊರತೆಗೆ ಎರಡು ದಾರಿ ನನಗೆ ಸರಿ ಕಾಣುತ್ತವೆ. ಒಂದು, ಕೂಲರ್ ಇಲ್ಲದ ಪಕ್ಕದ ಊರಿನ ಹಾಲನ್ನು ಕ್ಯಾನುಗಳಲ್ಲಿ ತರಿಸಿಕೊಳ್ಳುವುದು. ದಿನಕ್ಕೆ 150 ಲೀಟರ್ ಬಂದರೆ ತಿಂಗಳಿಗೆ 9,090 ಸಿಗುತ್ತದೆ. ಸಾಗಣೆಗೆ ದಿನಕ್ಕೆ 150 ರೂಪಾಯಿ ಕೊಟ್ಟರೂ ಅರ್ಧ ಉಳಿಯುತ್ತದೆ. ಆದರೆ ಕರೆದ ಹಾಲು ಎರಡು ಮೂರು ಗಂಟೆಯೊಳಗೆ ಟ್ಯಾಂಕ್ ಸೇರಬೇಕು. ಅದಕ್ಕಿಂತ ದೂರದ ಊರಿನದು ಬೇಡ. ಪ್ರತಿ ಕ್ಯಾನನ್ನೂ ಸುರಿಯುವ ಮುಂಚೆ ಬೇರೆಯಾಗಿ ಪರೀಕ್ಷಿಸಬೇಕು. ಹುಳಿಯಾದ ಒಂದೇ ಕ್ಯಾನು ಇಡೀ ಟ್ಯಾಂಕನ್ನು ಕೆಡಿಸುತ್ತದೆ.

ಎರಡು, ತಂಪು ಮಾಡುವ ಶುಲ್ಕವನ್ನು ಲೀಟರಿನ ಲೆಕ್ಕ ಬಿಟ್ಟು ತಿಂಗಳಿಗೆ ಇಷ್ಟು ಎಂದು ಕೇಳುವುದು. ಲೀಟರಿಗೆ 50 ಪೈಸೆಯಂತೆ ಬೇಸಿಗೆಯಲ್ಲಿ 10,500 ಬರುತ್ತದೆ, ಹಾಲು ಹೆಚ್ಚಿದ್ದಾಗ 18,000. ತಿಂಗಳಿಗೆ 15,000 ನಿಗದಿಯಾದರೆ ಒಕ್ಕೂಟಕ್ಕೆ ವರ್ಷಕ್ಕೆ 6,000 ಮಾತ್ರ ಜಾಸ್ತಿ ಬೀಳುತ್ತದೆ, ಸಂಘಕ್ಕೆ ಬೇಸಿಗೆಯ ಪ್ರತಿ ತಿಂಗಳೂ 4,500 ಹೆಚ್ಚು ಸಿಗುತ್ತದೆ. ಒಪ್ಪಂದ ನವೀಕರಿಸುವಾಗ ಇದರ ಜೊತೆಗೆ ಬಿಲ್ಲಿನ ದುಡ್ಡು ಯಾವ ದಿನದೊಳಗೆ ಬರಬೇಕು ಎಂಬುದನ್ನೂ ಬರೆಸಿಕೊಳ್ಳಿ. ಹದಿನೈದು ದಿನ ಹನ್ನೆರಡಕ್ಕೆ ಇಳಿದರೆ ಬಟವಾಡೆಗೆ ಬೇಕಾಗುವ ನಿಧಿ ಒಂದು ಲಕ್ಷಕ್ಕೂ ಹೆಚ್ಚು ಇಳಿಯುತ್ತದೆ.